ಎರಡು ತಿಂಗಳಾದರೂ ಓಡದ ವಿಡಿಯೊ: ಶೀರ್ಷಿಕೆ ಬದಲಿಸಬೇಕೆ, ಕತ್ತರಿ ಹಾಕಬೇಕೆ, ಹಾಗೇ ಬಿಡಬೇಕೆ?

ಯೂಟ್ಯೂಬಿನಲ್ಲಿ ವಿಡಿಯೊ ಹಾಕಿ ಎರಡು ತಿಂಗಳು ಕಳೆದ ಮೇಲೂ ವೀಕ್ಷಣೆಯ ಸಂಖ್ಯೆ ನಿರೀಕ್ಷೆಯ ಅರ್ಧಕ್ಕೂ ಬಾರದಿದ್ದರೆ, ಹೆಚ್ಚಿನವರು ಮೊದಲು ಕೈಹಾಕುವುದು ಶೀರ್ಷಿಕೆಗೆ. ಅದು ಸುಲಭ, ಖರ್ಚಿಲ್ಲ, ಅರ್ಧ ನಿಮಿಷದ ಕೆಲಸ. ಆದರೆ ಶೀರ್ಷಿಕೆಯಿಂದ ಸರಿಯಾಗುವ ದೋಷ ಒಂದು ಬಗೆಯದು ಮಾತ್ರ. ವೀಕ್ಷಣೆ ಕಡಿಮೆ ಎಂಬುದು ರೋಗಲಕ್ಷಣವೇ ಹೊರತು ರೋಗವಲ್ಲ. ಜ್ವರ ಬಂದಿದೆ ಎಂಬುದರಿಂದ ಅದು ಯಾವ ಜ್ವರವೆಂದು ತಿಳಿಯದಂತೆ, ವೀಕ್ಷಣೆಯ ಸಂಖ್ಯೆಯೊಂದರಿಂದಲೇ ದೋಷ ಎಲ್ಲಿದೆಯೆಂದು ಹೇಳಲಾಗುವುದಿಲ್ಲ.

ವಿಡಿಯೊ ನೋಡುಗರನ್ನು ಕಳೆದುಕೊಳ್ಳುವುದು ಮೂರು ಹಂತಗಳಲ್ಲಿ. ಒಂದು, ಯೂಟ್ಯೂಬ್ ಅದನ್ನು ಜನರ ಪರದೆಯ ಮೇಲೆ ತೋರಿಸಲೇ ಇಲ್ಲ. ಎರಡು, ತೋರಿಸಿತು, ಆದರೆ ಜನ ಒತ್ತಲಿಲ್ಲ. ಮೂರು, ಒತ್ತಿದರು, ಆದರೆ ನಿಲ್ಲಲಿಲ್ಲ. ಶೀರ್ಷಿಕೆ ಮತ್ತು ಥಂಬ್‌ನೇಲ್ ಬದಲಿಸುವುದು ಎರಡನೆಯದಕ್ಕೆ ಮದ್ದು. ಕತ್ತರಿ ಹಾಕುವುದು ಮೂರನೆಯದಕ್ಕೆ. ಮೊದಲನೆಯದಕ್ಕೆ ಬಹುತೇಕ ಸಂದರ್ಭಗಳಲ್ಲಿ ನಮ್ಮ ಕೈಯಲ್ಲಿ ಮದ್ದಿಲ್ಲ, ಹಾಗಾಗಿ ಸುಮ್ಮನೆ ಬಿಡುವುದೇ ಸರಿ. ಮಾತು ಸರಳವಾಗಿ ಕಂಡರೂ ಈ ಮೂರೂ ಒಂದರೊಳಗೊಂದು ಸಿಕ್ಕಿಕೊಳ್ಳುತ್ತವೆ. ಶೀರ್ಷಿಕೆಯ ದೋಷ ಎಷ್ಟೋ ಸಲ ಸಂಕಲನದ ದೋಷದಂತೆ ತೋರುತ್ತದೆ, ಜನ ಒತ್ತದೇ ಇದ್ದುದರ ಪರಿಣಾಮವು ಯೂಟ್ಯೂಬ್ ತೋರಿಸಲೇ ಇಲ್ಲವೆಂಬಂತೆ ಕಾಣುತ್ತದೆ. ಅವುಗಳನ್ನು ಬಿಡಿಸಿ ನೋಡುವ ಬಗೆಯೇ ಈ ಕೈಪಿಡಿಯ ವಿಷಯ.

ಉದಾಹರಣೆಗೆ ಒಂದೇ ವಿಡಿಯೊವನ್ನು ಕೊನೆಯವರೆಗೂ ಇಟ್ಟುಕೊಳ್ಳೋಣ. ಮಲೆನಾಡಿನ ಅಡಿಕೆ ಬೆಳೆಗಾರರೊಬ್ಬರ ಸಾಧಾರಣ ಗಾತ್ರದ ಚಾನೆಲ್ ಎಂದಿಟ್ಟುಕೊಳ್ಳಿ. ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣವನ್ನು ತಯಾರಿಸುವ ಕ್ರಮವನ್ನು ಅವರು 12 ನಿಮಿಷ 20 ಸೆಕೆಂಡುಗಳ ವಿಡಿಯೊದಲ್ಲಿ ತೋರಿಸಿ ಏಪ್ರಿಲ್ ಎರಡನೆಯ ವಾರದಲ್ಲಿ ಹಾಕಿದ್ದಾರೆ. ಶೀರ್ಷಿಕೆ: ‘ಅಡಿಕೆ ತೋಟದಲ್ಲಿ ಮಳೆಗಾಲದ ತಯಾರಿ | ಭಾಗ 2’. ಈಗ ಜೂನ್ ಎರಡನೆಯ ವಾರ, ವೀಕ್ಷಣೆ ಸುಮಾರು 1,320. ಈ ಅಂಕಿಗಳನ್ನು ಲೆಕ್ಕ ತೋರಿಸುವುದಕ್ಕಾಗಿ ನಾನೇ ಇಟ್ಟುಕೊಂಡಿದ್ದೇನೆ. ನಿಮ್ಮ ಚಾನೆಲ್ಲಿನ ಅಂಕಿಗಳು ಬೇರೆಯಾಗಿರುತ್ತವೆ, ನೋಡುವ ಕ್ರಮ ಬದಲಾಗುವುದಿಲ್ಲ.

ದೋಷ ನಿಜವಾಗಿಯೂ ಇದೆಯೇ?

ಚಿಕಿತ್ಸೆಗೆ ಮೊದಲು ರೋಗ ಇದೆಯೆಂದು ಖಚಿತವಾಗಬೇಕು. ಬಹಳಷ್ಟು ಚಾನೆಲ್‌ಗಳಲ್ಲಿ ಯಾವುದೋ ಒಂದು ವಿಡಿಯೊ ಆಕಸ್ಮಿಕವಾಗಿ ಲಕ್ಷ ದಾಟಿರುತ್ತದೆ. ಅನಂತರ ಬಂದ ಪ್ರತಿಯೊಂದೂ ಅದರ ಪಕ್ಕದಲ್ಲಿ ಸೋತಂತೆ ಕಾಣುತ್ತದೆ. ಆ ಹೋಲಿಕೆ ಅನ್ಯಾಯದ್ದು. ಸರಿಯಾದ ಹೋಲಿಕೆಗೆ ಹೆಚ್ಚುಕಡಿಮೆ ಇದೇ ಉದ್ದದ, ಇದೇ ಬಗೆಯ ಹತ್ತು ವಿಡಿಯೊಗಳನ್ನು ಆರಿಸಿಕೊಂಡು, ಪ್ರತಿಯೊಂದಕ್ಕೂ ಅದರ ಮೊದಲ 60 ದಿನಗಳಲ್ಲಿ ಬಂದ ವೀಕ್ಷಣೆಯನ್ನು ಬರೆದುಕೊಂಡು, ಸಂಖ್ಯೆಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ ನಡುವಿನ ಎರಡರ ಮಧ್ಯದ ಸಂಖ್ಯೆಯನ್ನು ಹಿಡಿಯಬೇಕು. ಸರಾಸರಿ ತೆಗೆದರೆ ಲಕ್ಷ ದಾಟಿದ ಆ ಒಂದು ವಿಡಿಯೊ ಲೆಕ್ಕವನ್ನೆಲ್ಲ ಮೇಲಕ್ಕೆ ಎಳೆಯುತ್ತದೆ. ನಡುವಿನ ಸಂಖ್ಯೆಗೆ ಆ ತೊಂದರೆ ಇಲ್ಲ. ಇಂದಿನ ಒಟ್ಟು ವೀಕ್ಷಣೆಯನ್ನು ಹೋಲಿಸುವುದೂ ತಪ್ಪು, ಏಕೆಂದರೆ ಮೂರು ವರ್ಷ ಹಳೆಯ ವಿಡಿಯೊಗೆ ಮೂರು ವರ್ಷಗಳ ಗಳಿಕೆ ಸೇರಿರುತ್ತದೆ. ನಮ್ಮ ಉದಾಹರಣೆಯಲ್ಲಿ ನಡುವಿನ ಸಂಖ್ಯೆ 3,600 ಎಂದುಕೊಳ್ಳೋಣ. 1,320 ಅದರ ಮೂರನೆಯ ಒಂದಂಶದ ಸುತ್ತಮುತ್ತ ಇದೆ. ಇಲ್ಲಿ ಹುಡುಕಬೇಕಾದ ದೋಷವಿದೆ. 2,800 ಇದ್ದಿದ್ದರೆ ನಾನು ಮುಂದೆ ಓದುವುದನ್ನೇ ಬಿಟ್ಟು ಮುಂದಿನ ವಿಡಿಯೊದ ಕೆಲಸ ನೋಡಿಕೊಳ್ಳಿ ಎನ್ನುತ್ತಿದ್ದೆ.

ಇದೇ ಹಂತದಲ್ಲಿ ಸೆಟ್ಟಿಂಗ್‌ಗಳನ್ನೂ ಒಮ್ಮೆ ನೋಡಿಬಿಡಬೇಕು. ವಿಡಿಯೊ Unlisted ಆಗಿ ಉಳಿದಿಲ್ಲ ತಾನೇ, ವಯೋಮಿತಿಯ ನಿರ್ಬಂಧ ಬಿದ್ದಿಲ್ಲ ತಾನೇ, ಹಿನ್ನೆಲೆ ಸಂಗೀತದ ಹಕ್ಕುಸ್ವಾಮ್ಯದಿಂದ ಯಾವುದಾದರೂ ದೇಶದಲ್ಲಿ ತಡೆಯಾಗಿಲ್ಲ ತಾನೇ, ಕೈತಪ್ಪಿ ‘ಮಕ್ಕಳಿಗಾಗಿ ಮಾಡಿದ್ದು’ ಎಂದು ಗುರುತಾಗಿಲ್ಲ ತಾನೇ ಎಂದು ಪರಿಶೀಲಿಸಿ. ಕೊನೆಯದು ವಿಶೇಷವಾಗಿ ಮುಖ್ಯ: ಆ ಗುರುತು ಬಿದ್ದರೆ ಕಮೆಂಟ್, ಎಂಡ್ ಸ್ಕ್ರೀನ್, ಗಂಟೆಯ ಸೂಚನೆ ಎಲ್ಲವೂ ನಿಂತುಹೋಗುತ್ತವೆ. ಇವುಗಳಲ್ಲಿ ಯಾವುದಾದರೂ ಇದ್ದರೆ ಅದನ್ನು ಸರಿಪಡಿಸಿ ಕೆಲವು ವಾರ ಕಾಯಬೇಕು; ಅಲ್ಲಿಯವರೆಗಿನ ಅಂಕಿಗಳು ರೋಗಪತ್ತೆಗೆ ಉಪಯೋಗಕ್ಕೆ ಬರುವುದಿಲ್ಲ.

ಒಟ್ಟು ಸಿಟಿಆರ್ ನಂಬಬೇಡಿ, ಮೂಲವಾರು ಒಡೆದು ನೋಡಿ

ಯೂಟ್ಯೂಬ್ ಸ್ಟುಡಿಯೊದ Analytics ಪುಟದಲ್ಲಿ Impressions ಮತ್ತು Impressions click-through rate ಎಂಬ ಎರಡು ಅಂಕಿಗಳಿವೆ. ಥಂಬ್‌ನೇಲಿನ ಕನಿಷ್ಠ ಅರ್ಧ ಭಾಗ ಒಂದು ಸೆಕೆಂಡಿಗಿಂತ ಹೆಚ್ಚು ಹೊತ್ತು ಪರದೆಯ ಮೇಲೆ ಇದ್ದರೆ ಅದು ಒಂದು ಇಂಪ್ರೆಷನ್. ಅವರಲ್ಲಿ ನೂರಕ್ಕೆ ಎಷ್ಟು ಜನ ಒತ್ತಿ ನೋಡಿದರು ಎಂಬುದು ಎರಡನೆಯದು, ಎಲ್ಲರ ಬಾಯಲ್ಲಿ ಸಿಟಿಆರ್. ವಾಟ್ಸಾಪ್‌ನಲ್ಲಿ ಹಂಚಿದ ಕೊಂಡಿಯಿಂದ, ನೋಟಿಫಿಕೇಶನ್‌ನಿಂದ, ಎಂಡ್ ಸ್ಕ್ರೀನ್‌ನಿಂದ ಬಂದವರು ಈ ಲೆಕ್ಕಕ್ಕೆ ಸೇರುವುದಿಲ್ಲ. ಅರ್ಧದಷ್ಟು ಚಾನೆಲ್ ಮತ್ತು ವಿಡಿಯೊಗಳ ಸಿಟಿಆರ್ ಶೇ 2ರಿಂದ 10ರ ನಡುವೆ ಇರುತ್ತದೆಂದು ಯೂಟ್ಯೂಬೇ ತನ್ನ ಸಹಾಯಪುಟದಲ್ಲಿ ಹೇಳಿದೆ. ಇಷ್ಟು ಅಗಲವಾದ ವ್ಯಾಪ್ತಿಯನ್ನು ಅಳತೆಗೋಲು ಮಾಡಿಕೊಳ್ಳಲು ಸಾಧ್ಯವಿಲ್ಲ, ಆದುದರಿಂದ ಇಲ್ಲಿಯೂ ನಿಮ್ಮದೇ ಹತ್ತು ವಿಡಿಯೊಗಳೇ ಅಳತೆ.

ನಮ್ಮ ವಿಡಿಯೊಗೆ ಎರಡು ತಿಂಗಳಲ್ಲಿ 41,000 ಇಂಪ್ರೆಷನ್ ಸಿಕ್ಕಿದೆ, ಸಿಟಿಆರ್ ಶೇ 2.4. ಚಾನೆಲ್ಲಿನ ವಾಡಿಕೆ 75,000 ಮತ್ತು ಶೇ 4.2. ಎರಡೂ ಕಡಿಮೆ. ಹಾಗಾದರೆ ದೋಷ ಮೊದಲನೆಯ ಹಂತದ್ದೋ ಎರಡನೆಯದೋ? ಇದಕ್ಕೆ ಉತ್ತರ ವಾರವಾರದ ಇಂಪ್ರೆಷನ್ ರೇಖೆಯಲ್ಲಿದೆ. ಮೊದಲ ವಾರದಲ್ಲಿ ಉಳಿದ ವಿಡಿಯೊಗಳಷ್ಟೇ ಇಂಪ್ರೆಷನ್ ಸಿಕ್ಕು ಅನಂತರ ಕುಸಿದಿದ್ದರೆ, ಯೂಟ್ಯೂಬ್ ತೋರಿಸಿ ನೋಡಿದೆ, ಜನ ಒಪ್ಪಿಕೊಂಡಿಲ್ಲ, ಅದಕ್ಕಾಗಿ ತೋರಿಸುವುದನ್ನು ಕಡಿಮೆ ಮಾಡಿದೆ ಎಂದರ್ಥ. ಆಗ ಕಡಿಮೆ ಇಂಪ್ರೆಷನ್ ಎಂಬುದು ಪರಿಣಾಮ, ಕಾರಣವಲ್ಲ. ಮೊದಲ ದಿನದಿಂದಲೂ ಇಂಪ್ರೆಷನ್ ಕಡಿಮೆಯೇ ಇದ್ದು, ಒತ್ತಿದವರ ಪ್ರಮಾಣವೂ ನಿಂತು ನೋಡಿದವರ ಪ್ರಮಾಣವೂ ಚೆನ್ನಾಗಿದ್ದರೆ, ವಿಷಯಕ್ಕೆ ಇರುವ ಜನವೇ ಅಷ್ಟು. ನಮ್ಮ ವಿಡಿಯೊದ ರೇಖೆ ಮೊದಲ ಹತ್ತು ದಿನ ವಾಡಿಕೆಯಂತೆಯೇ ಇದ್ದು ಆಮೇಲೆ ಬಿದ್ದಿದೆ.

ಈಗ Advanced mode ತೆರೆದು Traffic source ಆಯ್ದುಕೊಂಡರೆ ಅದೇ 41,000 ಮೂರು ಭಾಗವಾಗಿ ಕಾಣುತ್ತದೆ. ಮುಖಪುಟದಲ್ಲಿ, ಅಂದರೆ Browse features ಎಂಬ ಸಾಲಿನಲ್ಲಿ, 33,000 ಇಂಪ್ರೆಷನ್, ಸಿಟಿಆರ್ ಶೇ 1.7. ಹುಡುಕಾಟದಲ್ಲಿ 5,000, ಶೇ 6. ಬೇರೆ ವಿಡಿಯೊಗಳ ಪಕ್ಕದ ಸಲಹೆಯಲ್ಲಿ 3,000, ಶೇ 4. ಮೂರನ್ನೂ ಕೂಡಿದರೆ ಸುಮಾರು 980 ವೀಕ್ಷಣೆ; ಉಳಿದ 340 ವಾಟ್ಸಾಪ್ ಗುಂಪುಗಳಿಂದ ಮತ್ತು ನೋಟಿಫಿಕೇಶನ್‌ಗಳಿಂದ ಬಂದವು.

ಶೇ 2.4 ಎಂಬ ಒಂಟಿ ಅಂಕಿ ಮರೆಮಾಡಿದ್ದು ಇದನ್ನೇ. ಹುಡುಕಿ ಬಂದವರು ಈ ವಿಡಿಯೊವನ್ನು ತಿರಸ್ಕರಿಸಿಲ್ಲ. ಏನನ್ನೂ ಹುಡುಕದೆ ಫೋನ್ ತೆರೆದು ಕುಳಿತವರು ಮಾತ್ರ ದಾಟಿಹೋಗಿದ್ದಾರೆ. YouTube search ಸಾಲಿನ ಮೇಲೆ ಒತ್ತಿದರೆ ಜನ ಟೈಪ್ ಮಾಡಿದ ಪದಗಳೇ ಸಿಗುತ್ತವೆ, ಮತ್ತು ನನ್ನ ಮಟ್ಟಿಗೆ ಇಡೀ ಪರಿಶೀಲನೆಯಲ್ಲಿ ಅತ್ಯಂತ ಬೆಲೆಯುಳ್ಳ ಪಟ್ಟಿ ಇದು. ನಮ್ಮ ವಿಡಿಯೊಗೆ ಬಂದ ಪದಗಳು ಹೀಗಿವೆ:

```
bordo dravana
adike kole aushadhi
bordeaux mixture kannada
ಬೋರ್ಡೋ ದ್ರಾವಣ ತಯಾರಿಸುವ ವಿಧಾನ
```

ಈ ನಾಲ್ಕರಲ್ಲಿ ಒಂದೂ ಶೀರ್ಷಿಕೆಯಲ್ಲಿಲ್ಲ. ವಿವರಣೆಯ ನಾಲ್ಕನೆಯ ಸಾಲಿನಲ್ಲಿ ಬೋರ್ಡೋ ಎಂಬ ಹೆಸರು ಇದ್ದುದರಿಂದಲೂ ಮಾತಿನಲ್ಲಿ ಅದು ಬಂದುದರಿಂದಲೂ ಇಷ್ಟಾದರೂ ಜನ ಸಿಕ್ಕಿರಬೇಕು. ‘ಮಳೆಗಾಲದ ತಯಾರಿ’ ಎಂದರೆ ಕಪ್ಪು ತೆಗೆಯುವುದೂ ಆಗಬಹುದು, ಬಸಿಗಾಲುವೆ ಸರಿಮಾಡುವುದೂ ಆಗಬಹುದು, ಕೊನೆಗೆ ಕಟ್ಟಿಗೆ ಒಟ್ಟುವುದೂ ಆಗಬಹುದು. ‘ಭಾಗ 2’ ಎಂಬುದು ಮೊದಲ ಭಾಗ ನೋಡದವರನ್ನು ಹೊರಗೇ ನಿಲ್ಲಿಸುತ್ತದೆ. ಹಾಗಾಗಿ ಎರಡನೆಯ ಹಂತದಲ್ಲಿ ದೋಷವಿದೆ, ಅದು ಶೀರ್ಷಿಕೆಯದು, ಮುಖಪುಟದವರ ಮಟ್ಟಿಗೆ.

ಇದರ ವಿರುದ್ಧದ ಚಿತ್ರವನ್ನೂ ನೆನಪಿಡಬೇಕು. ಮುಖಪುಟದಲ್ಲಿ ಸಿಟಿಆರ್ ಕಡಿಮೆ, ಆದರೆ ಹುಡುಕಾಟದಿಂದ ದಿನವೂ ಒಂದಷ್ಟು ಜನ ನಿಯಮಿತವಾಗಿ ಬರುತ್ತಿದ್ದಾರೆ, ಅವರು ಟೈಪ್ ಮಾಡುವ ಪದ ಈಗಿನ ಶೀರ್ಷಿಕೆಯಲ್ಲೇ ಇದೆ ಎಂದಾದರೆ, ಆ ಶೀರ್ಷಿಕೆಯನ್ನು ಮುಖಪುಟಕ್ಕೆ ಒಪ್ಪುವಂತೆ ಮೆರುಗು ಕೊಡಹೊರಟು ಆ ಪದವನ್ನೇ ಕಿತ್ತುಹಾಕಿದರೆ, ಇದ್ದ ಒಂದೇ ಆಧಾರವೂ ಕೈಬಿಡುತ್ತದೆ. ಅಂಥ ವಿಡಿಯೊಗೆ ಥಂಬ್‌ನೇಲ್ ಮಾತ್ರ ಬದಲಿಸಿ, ಶೀರ್ಷಿಕೆಯ ಮುಖ್ಯ ಪದಗಳನ್ನು ಮುಟ್ಟಬೇಡಿ.

ಒತ್ತಿದವರು ಏಕೆ ಹೋದರು: ಶೀರ್ಷಿಕೆಯ ತಪ್ಪೋ, ಸಂಕಲನದ ತಪ್ಪೋ

ಎಲ್ಲಕ್ಕಿಂತ ಕಷ್ಟದ ಭಾಗ ಇದು, ಆದುದರಿಂದ ಇಲ್ಲಿ ನಿಧಾನವಾಗಿ ಹೋಗಬೇಕು. Analyticsನಲ್ಲಿರುವ ರಿಟೆನ್ಷನ್ ರೇಖೆ, ವಿಡಿಯೊದ ಪ್ರತಿ ಕ್ಷಣದಲ್ಲಿ ನೂರಕ್ಕೆ ಎಷ್ಟು ಜನ ಉಳಿದಿದ್ದಾರೆಂದು ತೋರಿಸುತ್ತದೆ. ಎಲ್ಲ ವಿಡಿಯೊಗಳಲ್ಲೂ ಅದು ಆರಂಭದಲ್ಲಿ ಇಳಿಯುತ್ತದೆ, ಇಳಿದದ್ದೇ ದೋಷವಲ್ಲ. ನೋಡಬೇಕಾದದ್ದು ಎಲ್ಲಿ ಇಳಿಯಿತು, ಎಷ್ಟು ಬೇಗ ಇಳಿಯಿತು, ಇಳಿದ ಮೇಲೆ ಏನಾಯಿತು ಎಂಬುದನ್ನು.

ನಮ್ಮ ವಿಡಿಯೊದಲ್ಲಿ 30ನೆಯ ಸೆಕೆಂಡಿಗೆ ಶೇ 48 ಜನ ಉಳಿದಿದ್ದಾರೆ. ಚಾನೆಲ್ಲಿನ ವಾಡಿಕೆ ಶೇ 65. 1:46ರ ಹೊತ್ತಿಗೆ ಶೇ 29. ಆಮೇಲೆ ಒಂದು ವಿಚಿತ್ರ ಕಾಣುತ್ತದೆ: 1:55ರಲ್ಲಿ ರೇಖೆ ಮೇಲೇರಿ ಶೇ 34 ಆಗುತ್ತದೆ. ಅಲ್ಲಿಂದ ಹತ್ತನೆಯ ನಿಮಿಷದವರೆಗೆ ಬಹುತೇಕ ಚಪ್ಪಟೆಯಾಗಿ ಸಾಗಿ ಶೇ 22ಕ್ಕೆ ನಿಲ್ಲುತ್ತದೆ.

ಹೋದವರು ಹಿಂದಿರುಗಿ ಬಂದು ರೇಖೆ ಏರುವುದಿಲ್ಲ. ಜನ ನಡುವಿನ ಭಾಗವನ್ನು ಹಾರಿಸಿ ಆ ಜಾಗಕ್ಕೆ ನೇರವಾಗಿ ಬಂದಾಗ, ಅಥವಾ ಆ ಜಾಗವನ್ನು ಮತ್ತೊಮ್ಮೆ ನೋಡಿದಾಗ ರೇಖೆ ಏರುತ್ತದೆ. ವಿಡಿಯೊ ತೆರೆದು 1:55ಕ್ಕೆ ಹೋಗಿ ನೋಡಿದರೆ ಕಾರಣ ಕಣ್ಣಿಗೆ ಕಟ್ಟುತ್ತದೆ. ಅಲ್ಲಿಯೇ ಅವರು ಪ್ಲಾಸ್ಟಿಕ್ ಡ್ರಮ್ಮಿಗೆ 50 ಲೀಟರ್ ನೀರು ತುಂಬಿ ಒಂದು ಕಿಲೊ ಮೈಲುತುತ್ತ ಕರಗಿಸಲು ಶುರುಮಾಡುತ್ತಾರೆ. ಅದಕ್ಕೆ ಮೊದಲು 18 ಸೆಕೆಂಡು ಚಾನೆಲ್ಲಿನ ಲಾಂಛನ ಮತ್ತು ಸಂಗೀತ; ಅನಂತರ ನಮಸ್ಕಾರ, ಇವತ್ತಿನ ವಿಷಯ ಏನೆಂದು ಎರಡು ಮಾತು; 40ನೆಯ ಸೆಕೆಂಡಿನಿಂದ 1:46ರವರೆಗೆ ಕಳೆದ ವರ್ಷ ಯಾವ ಯಾವ ತೋಟದಲ್ಲಿ ಕೊಳೆ ಹೇಗೆ ಬಂತು ಎಂಬ ವಿವರ. ಆ ವಿವರ ಸುಳ್ಳಲ್ಲ, ಬೆಳೆಗಾರನಿಗೆ ಗೊತ್ತಿಲ್ಲದ್ದೂ ಅಲ್ಲ. ಕೊಳೆ ಎಷ್ಟು ಕೆಟ್ಟದ್ದೆಂದು ತಿಳಿದಿರುವುದರಿಂದಲೇ ಆತ ಈ ವಿಡಿಯೊ ಒತ್ತಿರುತ್ತಾನೆ.

ರೇಖೆಯ ಆಕಾರದಿಂದ ಕಾರಣವನ್ನು ಗುರುತಿಸುವ ಬಗೆಯನ್ನು ನಾನು ಹೀಗೆ ಇಟ್ಟುಕೊಂಡಿದ್ದೇನೆ. ಮೊದಲ ಹತ್ತು ಹದಿನೈದು ಸೆಕೆಂಡಿನಲ್ಲಿಯೇ ಕಡಿದಾದ ಕುಸಿತವಾಗಿ, ಆಮೇಲೆ ಎಲ್ಲಿಯೂ ಏರಿಕೆಯಿಲ್ಲದೆ, ಉಳಿದ ಕೆಲವೇ ಜನ ಕೊನೆಯವರೆಗೂ ನೋಡಿದ್ದರೆ, ಅದು ಶೀರ್ಷಿಕೆ ಮತ್ತು ಥಂಬ್‌ನೇಲಿನ ತಪ್ಪು: ಬೇರೆ ಏನನ್ನೋ ನಿರೀಕ್ಷಿಸಿದ ಜನರನ್ನು ಕರೆತಂದಿದ್ದೀರಿ, ಅವರು ಮೊದಲ ಮಾತು ಕೇಳಿ ಹೋಗಿದ್ದಾರೆ, ನಿಜವಾಗಿ ಬೇಕಾದವರು ಉಳಿದಿದ್ದಾರೆ. ಇಂಥ ವಿಡಿಯೊಗೆ ಎಷ್ಟು ಕತ್ತರಿ ಹಾಕಿದರೂ ಪ್ರಯೋಜನವಿಲ್ಲ. ಇದಕ್ಕೆ ಬದಲಾಗಿ, ಕುಸಿತ ಒಂದೆರಡು ನಿಮಿಷ ಮುಂದುವರಿದು ಅನಂತರ ಒಂದು ಉಬ್ಬು ಕಂಡರೆ, ಜನರಿಗೆ ವಿಷಯ ಬೇಕಾಗಿತ್ತು, ನೀವು ಕೊಡಲು ತಡಮಾಡಿದಿರಿ ಎಂದರ್ಥ. ಅದು ಸಂಕಲನದ ತಪ್ಪು. ಉಬ್ಬೂ ಇಲ್ಲದೆ, ಚಪ್ಪಟೆಯೂ ಆಗದೆ, ಮೊದಲಿನಿಂದ ಕೊನೆಯವರೆಗೆ ಒಂದೇ ಸಮನೆ ಜಾರುತ್ತಾ ಹೋದರೆ ವಿಡಿಯೊದ ಒಟ್ಟು ಹೆಣಿಗೆಯೇ ಸಡಿಲ. ಅದಕ್ಕೆ ಇರುವ ದಾರಿ ಮತ್ತೆ ಚಿತ್ರೀಕರಿಸುವುದು ಒಂದೇ; ಹಳೆಯದನ್ನು ಹಾಗೆಯೇ ಬಿಟ್ಟುಬಿಡಿ.

ಅನುಮಾನ ಉಳಿದರೆ ಮತ್ತೊಂದು ಪರೀಕ್ಷೆಯಿದೆ. Traffic source ಪಟ್ಟಿಯಲ್ಲಿ Average percentage viewed ಸೇರಿಸಿ, ಹುಡುಕಿ ಬಂದವರನ್ನೂ ಮುಖಪುಟದಿಂದ ಬಂದವರನ್ನೂ ಹೋಲಿಸಿ. ಹುಡುಕಿ ಬಂದವರು ಬಹಳ ಹೊತ್ತು ನಿಂತು ಮುಖಪುಟದವರು ಮಾತ್ರ ಓಡಿಹೋಗಿದ್ದರೆ ತಪ್ಪು ಕರೆಯುವುದರಲ್ಲಿದೆ. ಇಬ್ಬರೂ ಬೇಗ ಹೋಗಿದ್ದರೆ ತಪ್ಪು ವಿಡಿಯೊದೊಳಗೇ ಇದೆ. ನಮ್ಮ ಉದಾಹರಣೆಯಲ್ಲಿ ಹುಡುಕಿದವರು ಸರಾಸರಿ ಶೇ 38ರಷ್ಟು ನೋಡಿದ್ದಾರೆ, ಮುಖಪುಟದವರು ಶೇ 24ರಷ್ಟು. ಚಾನೆಲ್ಲಿನ ಬೇರೆ ವಿಡಿಯೊಗಳಲ್ಲಿ ಹುಡುಕಿದವರ ಪ್ರಮಾಣ ಶೇ 50ರ ಸಮೀಪವಿದೆ ಎಂದಿಟ್ಟುಕೊಂಡರೆ, ಇಬ್ಬರ ಪ್ರಮಾಣವೂ ತಗ್ಗಿದೆ, ಮುಖಪುಟದವರದು ಇನ್ನಷ್ಟು ತಗ್ಗಿದೆ. ಅಲ್ಲಿಗೆ ಇಲ್ಲಿ ಎರಡೂ ದೋಷಗಳಿವೆಯೆಂದಾಯಿತು.

ಮೊದಲು ಕತ್ತರಿ, ಆಮೇಲೆ ಶೀರ್ಷಿಕೆ

ಎರಡೂ ದೋಷವಿದ್ದಾಗ ಎರಡನ್ನೂ ಒಂದೇ ದಿನ ಸರಿಪಡಿಸುವ ಆತುರ ಸಹಜ. ಹಾಗೆ ಮಾಡಿದರೆ ಯಾವುದರಿಂದ ಏನಾಯಿತೆಂದು ಮುಂದೆ ತಿಳಿಯುವುದಿಲ್ಲ. ಅದಕ್ಕಿಂತ ಮುಖ್ಯವಾದ ಕಾರಣ ಬೇರೆ: ಹೊಸ ಶೀರ್ಷಿಕೆ ಕೆಲಸ ಮಾಡಿ ಹೊಸ ಜನ ಬಂದರೆ ಅವರೂ ಅದೇ ಒಂದೂಮುಕ್ಕಾಲು ನಿಮಿಷದಲ್ಲಿ ಹೊರಟುಹೋಗುತ್ತಾರೆ. ಒತ್ತಿದರು, ನಿಲ್ಲಲಿಲ್ಲ ಎಂಬ ದಾಖಲೆ ಇನ್ನಷ್ಟು ಗಟ್ಟಿಯಾಗುತ್ತದೆ. ಆದುದರಿಂದ ಒಳಗಿನದನ್ನು ಮೊದಲು ಸರಿಮಾಡಬೇಕು.

ಯೂಟ್ಯೂಬಿನಲ್ಲಿ ಹಾಕಿಯಾದ ವಿಡಿಯೊದ ಕಡತವನ್ನು ಬೇರೆ ಕಡತದಿಂದ ಬದಲಿಸಲು ಬರುವುದಿಲ್ಲ. ಸ್ಟುಡಿಯೊದ Editor ಪುಟದಲ್ಲಿ Trim & cut ಬಳಸಿ ಇದ್ದುದರಲ್ಲಿ ಬೇಡದ್ದನ್ನು ತೆಗೆಯಬಹುದು, ಅಷ್ಟೆ; ಹೊಸ ದೃಶ್ಯ ಸೇರಿಸಲಾಗದು. ಇದರ ದೊಡ್ಡ ಅನುಕೂಲವೆಂದರೆ ಕೊಂಡಿ, ವೀಕ್ಷಣೆ, ಕಮೆಂಟುಗಳು ಎಲ್ಲವೂ ಹಾಗೆಯೇ ಉಳಿಯುತ್ತವೆ. ಒಂದು ಲಕ್ಷಕ್ಕಿಂತ ಹೆಚ್ಚು ವೀಕ್ಷಣೆಯಾದ ವಿಡಿಯೊದಲ್ಲಿ, ಚಾನೆಲ್ ಪಾರ್ಟ್ನರ್ ಪ್ರೋಗ್ರಾಂನಲ್ಲಿ ಇಲ್ಲದಿದ್ದರೆ, ಇಂಥ ಬದಲಾವಣೆಯನ್ನು ಉಳಿಸಲು ಬಿಡದಿರಬಹುದು. ಓಡದ ವಿಡಿಯೊಗೆ ಆ ತೊಡಕು ಬರುವ ಸಂಭವ ಕಡಿಮೆ.

ನಮ್ಮ ವಿಡಿಯೊದಲ್ಲಿ ತೆಗೆಯಬೇಕಾದದ್ದು ಎರಡು ತುಂಡು: ಆರಂಭದ 18 ಸೆಕೆಂಡು, ಮತ್ತು 0:40ರಿಂದ 1:46ರವರೆಗಿನ 66 ಸೆಕೆಂಡು. ನಮಸ್ಕಾರ ಮತ್ತು ವಿಷಯ ಹೇಳುವ ನಡುವಿನ 22 ಸೆಕೆಂಡನ್ನು ಉಳಿಸಿಕೊಳ್ಳಬೇಕು; ಒತ್ತಿದವನಿಗೆ ತಾನು ಸರಿಯಾದ ಜಾಗಕ್ಕೆ ಬಂದೆನೆಂದು ತಿಳಿಯುವುದು ಅದರಿಂದಲೇ. ಕತ್ತರಿಸುವಾಗ ಉಸಿರಿನ ಜಾಗದಲ್ಲಿ ಕತ್ತರಿಸಿ. ಮಾತಿನ ನಡುವೆ ಕತ್ತರಿಸಿದರೆ ಧ್ವನಿ ಚಿಟ್ಟೆಂದು ಒಡೆದಂತೆ ಕೇಳುತ್ತದೆ. ಆಮೇಲೆ ಉಳಿದ ವಿಡಿಯೊವನ್ನು ಪೂರ್ತಿ ಕೇಳಿ, ತೆಗೆದ ಭಾಗವನ್ನು ನೆನಪಿಸುವ ಮಾತು ಎಲ್ಲಿಯಾದರೂ ಉಳಿದಿದೆಯೇ ಎಂದು ನೋಡಿ. ‘ಆಗಲೇ ಹೇಳಿದ ಆ ತೋಟದಲ್ಲಿ’ ಎಂಬ ಮಾತು ಏಳನೆಯ ನಿಮಿಷದಲ್ಲಿದ್ದು, ಆಗಲೇ ಹೇಳಿದ್ದೇ ಇಲ್ಲವಾದರೆ ನೋಡುಗ ಗೊಂದಲಕ್ಕೆ ಬೀಳುತ್ತಾನೆ.

ಉಳಿಸುವ ಮೊದಲು ಇನ್ನೆರಡು ಸಂಗತಿ. 84 ಸೆಕೆಂಡು ತೆಗೆದರೆ ಉದ್ದ 10 ನಿಮಿಷ 56 ಸೆಕೆಂಡಿಗೆ ಇಳಿಯುತ್ತದೆ, ಇದು ಸರಿ. ಆದರೆ ಒಂಬತ್ತು ನಿಮಿಷದ ವಿಡಿಯೊವನ್ನು ಏಳೂವರೆಗೆ ಇಳಿಸಿದರೆ ನಡುವೆ ಜಾಹೀರಾತು ಬರುವ ಅವಕಾಶ ತಪ್ಪುತ್ತದೆ, ಏಕೆಂದರೆ ಅದಕ್ಕೆ ಕನಿಷ್ಠ 8 ನಿಮಿಷ ಬೇಕು. ಹಣ ಬರುವ ಚಾನೆಲ್ ಆಗಿದ್ದರೆ ಇದನ್ನು ಎಣಿಸಿ ನಿರ್ಧರಿಸಿ. ಮತ್ತೊಂದು, ವಿವರಣೆಯಲ್ಲಿ ಬರೆದ ಅಧ್ಯಾಯಗಳ ಸಮಯ ಈಗ ತಪ್ಪಾಗಿರುತ್ತದೆ. ಅವನ್ನು ತಿದ್ದಿ ಬರೆಯಬೇಕು: ಮೊದಲನೆಯದು 00:00 ಇರಬೇಕು, ಕನಿಷ್ಠ ಮೂರು ಇರಬೇಕು, ಪ್ರತಿಯೊಂದೂ ಹತ್ತು ಸೆಕೆಂಡಾದರೂ ಇರಬೇಕು.

```
00:00 ಏನೇನು ಬೇಕು
00:31 ಮೈಲುತುತ್ತ ಕರಗಿಸುವುದು
03:10 ಸುಣ್ಣದ ತಿಳಿ ತಯಾರಿ
05:40 ಎರಡನ್ನೂ ಬೆರೆಸುವ ಕ್ರಮ
07:55 ಚಾಕುವಿನಿಂದ ಹದ ಪರೀಕ್ಷೆ
```

ಸಬ್‌ಟೈಟಲ್ ಮತ್ತು ಎಂಡ್ ಸ್ಕ್ರೀನ್ ಸ್ಥಾನಗಳನ್ನೂ ಒಮ್ಮೆ ನೋಡಿಕೊಳ್ಳಿ. ಉಳಿಸಿದ ಮೇಲೆ ಹೊಸ ರೂಪ ಸಿದ್ಧವಾಗಲು ಗಂಟೆಗಳೇ ಹಿಡಿಯಬಹುದು, ಅಲ್ಲಿಯವರೆಗೆ ಹಳೆಯದೇ ಓಡುತ್ತಿರುತ್ತದೆ. ಬದಲಾವಣೆ ಜಾರಿಗೆ ಬಂದ ದಿನಾಂಕವನ್ನು ಬರೆದಿಟ್ಟುಕೊಳ್ಳಿ. ರಿಟೆನ್ಷನ್ ರೇಖೆಯನ್ನು ಮತ್ತೆ ನೋಡುವಾಗ ಅವಧಿಯನ್ನು ಆ ದಿನದಿಂದಲೇ ಆರಂಭಿಸಬೇಕು, ಇಲ್ಲದಿದ್ದರೆ ಹಳೆಯ ಎರಡು ತಿಂಗಳ ಅಂಕಿ ಹೊಸದನ್ನು ಮುಚ್ಚಿಬಿಡುತ್ತದೆ.

ಒಂದು ಎಚ್ಚರಿಕೆ. ವಿಡಿಯೊದಲ್ಲಿ ಹೇಳಿದ ಪ್ರಮಾಣವೇ ತಪ್ಪಾಗಿದ್ದರೆ ಮೇಲಿನ ಯಾವ ಲೆಕ್ಕವೂ ಅನ್ವಯಿಸುವುದಿಲ್ಲ. ಶೇ 1ರ ಬೋರ್ಡೋ ದ್ರಾವಣಕ್ಕೆ ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ, ಒಟ್ಟು 100 ಲೀಟರ್ ನೀರು; ಇದನ್ನು ಬಾಯಿತಪ್ಪಿ ಬೇರೆ ಹೇಳಿದ್ದರೆ ಆ ಮಾತನ್ನು ಕತ್ತರಿಸಲೇಬೇಕು, ಕತ್ತರಿಸಿ ಅರ್ಥ ಉಳಿಯದಿದ್ದರೆ ವಿಡಿಯೊವನ್ನೇ ತೆಗೆದು ಹೊಸದಾಗಿ ಹಾಕಬೇಕು. ಜನ ಅದನ್ನು ನೋಡಿಕೊಂಡು ಮರಕ್ಕೆ ಹೊಡೆಯುತ್ತಾರೆ. ಕಡಿಮೆ ಓಡಿದೆಯೆಂದು ಅಂಥ ತಪ್ಪನ್ನು ಉಳಿಸಿಕೊಳ್ಳುವುದು ಸಲ್ಲದು.

ಶೀರ್ಷಿಕೆಯನ್ನು ಬದಲಿಸುವ ಕ್ರಮ

ಕತ್ತರಿಸಿ ಒಂದು ವಾರವಾದ ಮೇಲೆ 30ನೆಯ ಸೆಕೆಂಡಿನ ಅಂಕಿ ವಾಡಿಕೆಯ ಹತ್ತಿರ ಬಂದಿದ್ದರೆ ಶೀರ್ಷಿಕೆಗೆ ಕೈಹಾಕಬಹುದು. ಬದಲಿಸಿದರೆಂಬ ಕಾರಣಕ್ಕೇ ಯೂಟ್ಯೂಬ್ ವಿಡಿಯೊವನ್ನು ಮೇಲೆತ್ತುವುದಿಲ್ಲ. ಹೊಸ ಶೀರ್ಷಿಕೆಗೆ ಜನ ಬೇರೆ ರೀತಿ ಸ್ಪಂದಿಸಿದರೆ ಮಾತ್ರ ತೋರಿಸುವ ಪ್ರಮಾಣ ಬದಲಾಗುತ್ತದೆ. ಆದುದರಿಂದ ಎರಡು ದಿನಕ್ಕೊಮ್ಮೆ ಪದ ತಿರುಗಿಸುತ್ತಾ ಕೂರುವುದು ಶ್ರಮದ ದಂಡ.

ಹೊಸ ಶೀರ್ಷಿಕೆಗೆ ಬೇಕಾದ ಪದಗಳು ಹುಡುಕಾಟದ ಪಟ್ಟಿಯಲ್ಲಿಯೇ ಇವೆ. ಮಿತಿ 100 ಅಕ್ಷರಗಳದ್ದಾದರೂ ಫೋನಿನಲ್ಲಿ ಅಷ್ಟೂ ಕಾಣುವುದಿಲ್ಲ, ಹಾಗಾಗಿ ಮುಖ್ಯ ಪದ ಮೊದಲೇ ಬರಬೇಕು. ‘ಬೋರ್ಡೋ ದ್ರಾವಣ ಹದ ತಪ್ಪದಂತೆ ತಯಾರಿಸುವುದು: ಅಡಿಕೆ ಕೊಳೆ ರೋಗದ ಸಿಂಪರಣೆಗೆ ಮುನ್ನ’ ಎಂದರೆ ಹುಡುಕುವವನಿಗೆ ಪದ ಸಿಗುತ್ತದೆ, ಹುಡುಕದೆ ಕುಳಿತ ಬೆಳೆಗಾರನಿಗೆ ತನ್ನ ಆತಂಕ ಸಿಗುತ್ತದೆ. ದ್ರಾವಣದ ಹದ ತಪ್ಪುವುದು ಎಲ್ಲರಿಗೂ ಇರುವ ಭಯ. ಹೊಳೆಯುವ ಚಾಕುವನ್ನು ಅದ್ದಿದಾಗ ಕೆಂಪಗೆ ತಾಮ್ರ ಹತ್ತಿದರೆ ಸುಣ್ಣ ಸಾಲದೆಂದು ತಿಳಿಯುವ ಆ ದೃಶ್ಯವೇ ಈ ವಿಡಿಯೊದ ಜೀವ. ಥಂಬ್‌ನೇಲಿನಲ್ಲಿ ದೂರದಿಂದ ತೆಗೆದ ತೋಟದ ಚಿತ್ರದ ಬದಲು ನೀಲಿ ದ್ರಾವಣ ಮತ್ತು ಆ ಚಾಕು ಇರಲಿ. ಬಲಗಡೆಯ ಕೆಳಮೂಲೆಯಲ್ಲಿ ಅಕ್ಷರ ಬರೆಯಬೇಡಿ, ಅಲ್ಲಿ ವಿಡಿಯೊದ ಅವಧಿ ಬಂದು ಕೂರುತ್ತದೆ. ‘ಮೊದಲ ಸಿಂಪರಣೆ’ ಎಂದು ಬರೆಯುವ ಆಸೆಯನ್ನೂ ತಡೆಯಬೇಕು: ಮುಂಗಾರಿಗೆ ಮುನ್ನ ಒಂದು, ಅದಾಗಿ 40-45 ದಿನಕ್ಕೆ ಇನ್ನೊಂದು ಎಂಬುದು ರೂಢಿ, ಜೂನ್ ನಡುವಿನ ಹೊತ್ತಿಗೆ ಅನೇಕರ ಮೊದಲ ಸುತ್ತು ಮುಗಿದಿರುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುವವರಿಗಾಗಿ `bordo dravana`, `adike kole aushadhi` ಎಂಬ ಪದಗಳನ್ನು ವಿವರಣೆಯ ಮೊದಲ ಎರಡು ಸಾಲುಗಳಲ್ಲಿ ವಾಕ್ಯದೊಳಗೆ ಸೇರಿಸಿ.

Test & compare ಸೌಲಭ್ಯದಲ್ಲಿ ಮೂರು ಥಂಬ್‌ನೇಲ್‌ಗಳವರೆಗೆ ಒಟ್ಟಿಗೆ ಪರೀಕ್ಷಿಸಬಹುದು. ಅದು ಗೆಲುವನ್ನು ನಿರ್ಧರಿಸುವುದು ಒತ್ತಿದವರ ಸಂಖ್ಯೆಯಿಂದಲ್ಲ, ನೋಡಿದ ಸಮಯದಿಂದ. ಇದು ನ್ಯಾಯವಾದ ಅಳತೆ. ಆದರೆ ದಿನಕ್ಕೆ ಆರೇಳು ನೂರು ಇಂಪ್ರೆಷನ್ ಬರುವ ವಿಡಿಯೊದಲ್ಲಿ ಎರಡು ವಾರ ಕಳೆದರೂ ತೀರ್ಪು ಬಾರದೆ ಹೋಗಬಹುದು. ಸಣ್ಣ ಚಾನೆಲ್ಲಿಗೆ ನನ್ನ ಸಲಹೆ, ಒಂದೇ ಹೊಸ ಜೋಡಿಯನ್ನು ಹಾಕಿ ಕಾಯುವುದು. ಕಾಯುವುದು ಎಷ್ಟು? 300 ಇಂಪ್ರೆಷನ್‌ಗೆ ಶೇ 2 ಎಂದರೆ ಆರು ಜನ. ಇನ್ನೂ ಮೂವರು ಒತ್ತಿದರೆ ಶೇ 3 ಆಗಿಬಿಡುತ್ತದೆ. ಆ ಏರಿಕೆಗೆ ಅರ್ಥವಿಲ್ಲ. ಮುಖಪುಟದಲ್ಲಿ ಎರಡು ಮೂರು ಸಾವಿರ ಇಂಪ್ರೆಷನ್ ಆಗುವವರೆಗೆ ಒಳ್ಳೆಯದೆಂದೋ ಕೆಟ್ಟದ್ದೆಂದೋ ಹೇಳಬೇಡಿ. ಮತ್ತೆ, ಇಂಪ್ರೆಷನ್ ಹೆಚ್ಚಾದಂತೆ ಸಿಟಿಆರ್ ತುಸು ಇಳಿಯುವುದು ಸಹಜ, ಏಕೆಂದರೆ ಯೂಟ್ಯೂಬ್ ನಿಮ್ಮ ಪರಿಚಯವಿಲ್ಲದವರಿಗೂ ತೋರಿಸುತ್ತಿದೆ. ಅದನ್ನು ಕಂಡು ಗಾಬರಿಯಾಗಿ ಹಳೆಯ ಶೀರ್ಷಿಕೆಗೆ ಮರಳಬಾರದು.

ಯಾವಾಗ ಮುಟ್ಟಬಾರದು

ಇದೇ ವಿಡಿಯೊವನ್ನು ಸೆಪ್ಟೆಂಬರಿನಲ್ಲಿ ಹಾಕಿ ನವೆಂಬರಿನಲ್ಲಿ ಪರಿಶೀಲಿಸಿದ್ದರೆ ನನ್ನ ತೀರ್ಪು ಬೇರೆಯಾಗುತ್ತಿತ್ತು. ಮಳೆ ಹಿಂದೆ ಸರಿದ ಮೇಲೆ ಕೊಳೆ ಔಷಧಿಯನ್ನು ಹುಡುಕುವವರು ಇರುವುದಿಲ್ಲ. ಇಂಪ್ರೆಷನ್ ಕಡಿಮೆಯಾಗಿರುವುದು ಋತುವಿನಿಂದ. Google Trendsನಲ್ಲಿ ಯೂಟ್ಯೂಬ್ ಹುಡುಕಾಟವನ್ನು ಆಯ್ದು, ವಿಷಯದ ಪದ ಹಾಕಿ ಐದು ವರ್ಷದ ರೇಖೆ ನೋಡಿದರೆ ಇಂಥ ಏರಿಳಿತ ಇದೆಯೋ ಇಲ್ಲವೋ ತಿಳಿಯುತ್ತದೆ, ಪದಕ್ಕೆ ಸಾಕಷ್ಟು ಹುಡುಕಾಟ ಇದ್ದರೆ. ಇಲ್ಲದಿದ್ದರೆ ನಿಮ್ಮದೇ ಹಳೆಯ ವಿಡಿಯೊಗಳ ತಿಂಗಳವಾರು ರೇಖೆ ಸಾಕು. ಋತುವಿನ ವಿಡಿಯೊಗೆ ಎರಡು ತಿಂಗಳು ಎಂಬ ಗಡುವನ್ನು ಹಾಕಿದ ದಿನದಿಂದ ಎಣಿಸದೆ ಋತು ಶುರುವಾದ ದಿನದಿಂದ ಎಣಿಸಬೇಕು. ನಮ್ಮ ಉದಾಹರಣೆಯಲ್ಲಿ ಈ ಸಂಶಯ ಏಕೆ ಬಿಟ್ಟುಹೋಯಿತೆಂದರೆ, ಮೇ ಕೊನೆಯಿಂದ ಹುಡುಕಾಟದ ಇಂಪ್ರೆಷನ್ ಏರಿದೆ, ಮುಖಪುಟದ್ದು ಏರಿಲ್ಲ. ಋತು ಬಂದಿದೆ, ವಿಡಿಯೊ ಅದನ್ನು ಹಿಡಿದುಕೊಂಡಿಲ್ಲ.

ಇನ್ನೊಂದು ಸಂದರ್ಭ ನಿಧಾನವಾಗಿ ಏರುತ್ತಿರುವ ವಿಡಿಯೊದ್ದು. ಕಳೆದ 28 ದಿನಗಳ ವೀಕ್ಷಣೆ ಅದರ ಹಿಂದಿನ 28 ದಿನಗಳಿಗಿಂತ ಹೆಚ್ಚಿದ್ದರೆ, ಒಟ್ಟು ಎಷ್ಟೇ ಕಡಿಮೆಯಿದ್ದರೂ, ಕೈ ಹಾಕಬೇಡಿ. ಬೋರ್ಡೋ ತಯಾರಿಯಂಥ ಕೆಲಸದ ವಿಡಿಯೊಗಳು ಹುಡುಕಾಟದಿಂದಲೇ ವರ್ಷಗಟ್ಟಲೆ ಬದುಕುತ್ತವೆ. ಅವುಗಳ ಮೊದಲ ಎರಡು ತಿಂಗಳು ಪೂರ್ತಿ ಜೀವನದ ಸಣ್ಣ ಭಾಗ.

ನಮ್ಮ ವಿಡಿಯೊಗೆ ಉಳಿದಿರುವ ಅವಧಿ ಜುಲೈ ಕೊನೆಯವರೆಗಿನ ಎರಡನೆಯ ಸುತ್ತಿನ ಸಿಂಪರಣೆಯದು. ಕತ್ತರಿ ಮತ್ತು ಶೀರ್ಷಿಕೆ ಎರಡೂ ಜೂನ್ ಒಳಗೆ ಮುಗಿಯಬೇಕು. ಮುಖಪುಟದ ಸಿಟಿಆರ್ ಶೇ 1.7ರಿಂದ 3ರ ಮೇಲಕ್ಕೆ ಬಂದು, 30ನೆಯ ಸೆಕೆಂಡಿಗೆ ಶೇ 60ಕ್ಕಿಂತ ಹೆಚ್ಚು ಜನ ಉಳಿದರೆ ಪತ್ತೆ ಸರಿಯಾಗಿತ್ತೆಂದು ತಿಳಿಯಬಹುದು. ರಿಟೆನ್ಷನ್ ಸರಿಹೋಗಿ ಸಿಟಿಆರ್ ಕದಲದಿದ್ದರೆ ಥಂಬ್‌ನೇಲನ್ನು ಇನ್ನೊಮ್ಮೆ, ಒಮ್ಮೆ ಮಾತ್ರ, ಬದಲಿಸಿ ನೋಡಿ. ಆಗಸ್ಟಿನ ಮೇಲೆ ಏನನ್ನೂ ಬದಲಿಸದೆ ಮುಂದಿನ ಮೇ ಎರಡನೆಯ ವಾರದಲ್ಲಿ ಹುಡುಕಾಟದ ಪಟ್ಟಿಯನ್ನು ಮತ್ತೆ ತೆರೆಯಿರಿ. ಹೊಸ ಪದಗಳೇನಾದರೂ ಸೇರಿದ್ದರೆ ವಿವರಣೆಗೆ ಅವನ್ನು ಸೇರಿಸುವುದಷ್ಟೇ ಆಗ ಉಳಿಯುವ ಕೆಲಸ.